ಸಮುದಾಯ ಗ್ರಂಥಾಲಯಕ್ಕೆ ಕ್ರೌಡ್‌ಫಂಡಿಂಗ್: ಗುರಿ ಎಷ್ಟಿಡಬೇಕು, ಉಡುಗೊರೆ ಏನು ಕೊಡಬೇಕು?

ಪ್ರಶ್ನೆ: ನಾವು ಐದು ಜನ ಸೇರಿ ಒಂದು ಸಮುದಾಯ ಗ್ರಂಥಾಲಯ ತೆರೆಯಬೇಕೆಂದಿದ್ದೇವೆ. ಮೂರು ವರ್ಷಕ್ಕೆ ಬಾಡಿಗೆಯಿಲ್ಲದ ಕೋಣೆ ಸಿಕ್ಕಿದೆ. ಜನ ಕೊಟ್ಟ 1,400 ಪುಸ್ತಕಗಳು ಪೆಟ್ಟಿಗೆಗಳಲ್ಲಿವೆ. ಕಪಾಟು, ಮಕ್ಕಳಿಗೆ 400 ಹೊಸ ಪುಸ್ತಕ, ದಿನಕ್ಕೆ ಮೂರು ಗಂಟೆ ಬಾಗಿಲು ತೆರೆದು ನೋಡಿಕೊಳ್ಳುವವರಿಗೆ ಒಂದು ವರ್ಷದ ಸಂಬಳ, ಇಷ್ಟಕ್ಕೆ ಅಂತರ್ಜಾಲದಲ್ಲಿ ಜನರಿಂದ ಹಣ ಕೂಡಿಸುವ ಕ್ರೌಡ್‌ಫಂಡಿಂಗ್ ಪುಟ ಮಾಡುತ್ತಿದ್ದೇವೆ. ಗುರಿ ದೊಡ್ಡದೇ ಇರಲಿ, ಅರ್ಧ ಬಂದರೂ ಸಾಕು ಎಂದು ನಮ್ಮಲ್ಲಿ ಕೆಲವರು ಹೇಳುತ್ತಾರೆ, ಉಳಿದವರಿಗೆ ಭಯ. ಹಣ ಕೊಟ್ಟವರಿಗೆ ಮೊತ್ತಕ್ಕೆ ತಕ್ಕಂತೆ ಟೀ ಶರ್ಟ್, ಮಗ್, ಬುಕ್‌ಮಾರ್ಕ್ ಸೇರಿ ಎಂಟು ಹಂತದ ಉಡುಗೊರೆ ಯೋಚಿಸಿದ್ದೇವೆ. ಕಥೆಯನ್ನು ‘ಓದುವ ಹವ್ಯಾಸ ಕಡಿಮೆಯಾಗುತ್ತಿದೆ’ ಎಂದು ಶುರು ಮಾಡಿದ್ದೇವೆ, ಆದರೆ ಓದಿದ ಯಾರಿಗೂ ಏನೂ ಅನ್ನಿಸುತ್ತಿಲ್ಲ. ಎಲ್ಲಿ ಸರಿಮಾಡಬೇಕು?

ಉತ್ತರ: ಕಥೆ, ಗುರಿ, ಉಡುಗೊರೆ ಈ ಮೂರನ್ನೂ ಬೇರೆ ಬೇರೆಯಾಗಿ ಕೂತು ಬರೆದರೆ ಒಂದಕ್ಕೊಂದು ಹೊಂದುವುದಿಲ್ಲ. ಮೊದಲು ಖರ್ಚಿನ ಲೆಕ್ಕ ಆಗಬೇಕು. ಉಡುಗೊರೆ ಆ ಲೆಕ್ಕದೊಳಗಿಂದಲೇ ಹುಟ್ಟುತ್ತದೆ, ಕಥೆಗೆ ಬೇಕಾದ ಮೊದಲ ಸಾಲುಗಳೂ ಅಲ್ಲೇ ಸಿಗುತ್ತವೆ. ಹಾಗಾಗಿ ನೀವು ಕೊನೆಗೆ ಕೇಳಿದ ಕಥೆಯನ್ನು ನಾನೂ ಕೊನೆಗೇ ಇಟ್ಟುಕೊಳ್ಳುತ್ತೇನೆ.

ಲೆಕ್ಕ ಪೆಟ್ಟಿಗೆಗಳಿಂದ ಶುರುವಾಗಲಿ

ಆ 1,400 ಪುಸ್ತಕಗಳನ್ನು ಇನ್ನೂ ಆರಿಸಿಲ್ಲವಾದರೆ, ಪುಟದ ಕೆಲಸ ನಿಲ್ಲಿಸಿ ಮೊದಲು ಅದನ್ನು ಮಾಡಿ. ದಾನವಾಗಿ ಬಂದ ರಾಶಿಯಲ್ಲಿ ಹಳೆಯ ಪಠ್ಯಕ್ರಮದ ಪುಸ್ತಕ, ದಿನ ಕಳೆದ ಪರೀಕ್ಷಾ ಕೈಪಿಡಿ, ಬೂಷ್ಟು ಹಿಡಿದದ್ದು, ಒಂದೇ ಪುಸ್ತಕದ ನಾಲ್ಕು ಪ್ರತಿ, ಬಿಡಿ ಸಂಪುಟ ಇವೆಲ್ಲ ಇದ್ದೇ ಇರುತ್ತವೆ. ಬೂಷ್ಟಿನ ಪುಸ್ತಕವನ್ನು ಅವತ್ತೇ ಬೇರೆ ಮಾಡಬೇಕು, ತೇವ ಸಿಕ್ಕಿದರೆ ಅದು ಪಕ್ಕದವಕ್ಕೂ ಹರಡುತ್ತದೆ. ಆರಿಸಿದ ಮೇಲೆ ನಿಮ್ಮ ಬಳಿ 800 ಉಳಿಯಿತು ಎಂದು ಇಟ್ಟುಕೊಳ್ಳೋಣ. ನಿಮ್ಮ ನಿಜವಾದ ಸಂಖ್ಯೆ ಬೇರೆ ಇದ್ದರೆ ಮುಂದಿನ ಲೆಕ್ಕವನ್ನು ಅದಕ್ಕೆ ತಕ್ಕಂತೆ ಬದಲಿಸಿಕೊಳ್ಳಿ.

ಈ ಸಂಖ್ಯೆ ಇಷ್ಟು ಮುಖ್ಯವಾಗುವುದು ಕಪಾಟಿನಿಂದಾಗಿ. 90 ಸೆಂಟಿಮೀಟರ್ ಉದ್ದದ ಒಂದು ಸಾಲಿನಲ್ಲಿ ದೊಡ್ಡವರ ಪುಸ್ತಕ ಒತ್ತಿ ತುಂಬಿದರೆ 35ರಷ್ಟು ಹಿಡಿಯಬಹುದು. ಹಾಗೆ ತುಂಬಿದ ಸಾಲಿನಿಂದ ಪುಸ್ತಕ ಎಳೆಯುವಾಗ ಬೆನ್ನಿನ ಮೇಲ್ತುದಿ ಹರಿಯುತ್ತದೆ, ವಾಪಸು ಬಂದ ಪುಸ್ತಕಕ್ಕೆ ಅದರ ಜಾಗವೂ ಸಿಗುವುದಿಲ್ಲ. ಕಾಲು ಭಾಗ ಖಾಲಿ ಬಿಡುವುದು ವಾಡಿಕೆ. ಆಗ ಸಾಲಿಗೆ 25 ಪುಸ್ತಕ. 800 ಪುಸ್ತಕಕ್ಕೆ 32 ಸಾಲು, ಎಂದರೆ ಆರು ಸಾಲಿನ ಎತ್ತರದ ಕಪಾಟು ಆರು ಬೇಕು. ಮಕ್ಕಳ ಪುಸ್ತಕ ತೆಳ್ಳಗಿರುವುದರಿಂದ ಸಾಲಿಗೆ 40 ಹಿಡಿದರೆ 400 ಪುಸ್ತಕಕ್ಕೆ ಹತ್ತು ಸಾಲು. ಅವು ಮಕ್ಕಳ ಕೈಗೆ ಎಟುಕಬೇಕು, ಹಾಗಾಗಿ ಮೂರು ಸಾಲಿನ ಗಿಡ್ಡ ಕಪಾಟು ನಾಲ್ಕು. ಆರಿಸದೆ 1,400 ಪುಸ್ತಕಕ್ಕೂ ಕಪಾಟು ಮಾಡಿಸಲು ಹೊರಟಿದ್ದರೆ ಎತ್ತರದ ಕಪಾಟೇ ಹತ್ತು ಬೇಕಾಗುತ್ತಿತ್ತು. ಯಾರೂ ಮುಟ್ಟದ 600 ಪುಸ್ತಕ ನಿಲ್ಲಿಸುವುದಕ್ಕೆ ನಾಲ್ಕು ಕಪಾಟಿನ ಹಣವನ್ನು ಜನರಿಂದ ಕೇಳಿದಂತೆ.

ಈಗ ಖರ್ಚಿಗೆ ಬರೋಣ. ಬೆಲೆಗಳು ಜಾಗದಿಂದ ಜಾಗಕ್ಕೆ ಬದಲಾಗುತ್ತವೆ, ಆದ್ದರಿಂದ ನಾಣ್ಯದ ಬದಲು ಒಂದು ಅಳತೆ ಇಟ್ಟುಕೊಳ್ಳುತ್ತೇನೆ: ಮಕ್ಕಳ ಒಂದು ಹೊಸ ಪುಸ್ತಕದ ಸರಾಸರಿ ಬೆಲೆ ಒಂದು ಪಾಲು. ನಿಮ್ಮ ಕೈಲಿರುವ ದರಪಟ್ಟಿಯ ಅಂಕಿಗಳನ್ನು ಆ ಬೆಲೆಯಿಂದ ಭಾಗಿಸಿದರೆ ಇದೇ ಲೆಕ್ಕ ನಿಮಗೂ ಬರುತ್ತದೆ. ಹೀಗೆ ಪಾಲಿನಲ್ಲಿ ಯೋಚಿಸುವುದು ಪುಟ ಬರೆಯುವಾಗಲೂ ಕೈಹಿಡಿಯುತ್ತದೆ, ಯಾಕೆಂದರೆ ಹಣ ಕೊಡುವವರು ಮನಸ್ಸಿನಲ್ಲಿ ಎಣಿಸುವುದೂ ಹೀಗೇ: ‘ನನ್ನ ದುಡ್ಡಿಗೆ ಎಷ್ಟು ಪುಸ್ತಕ?’

ಉದಾಹರಣೆಗೆ ಎತ್ತರದ ಕಪಾಟು ಒಂದಕ್ಕೆ 40 ಪಾಲು, ಗಿಡ್ಡದಕ್ಕೆ 20 ಎಂದು ಹಿಡಿದರೆ ಕಪಾಟುಗಳಿಗೆ 320. ಹೊಸ ಪುಸ್ತಕಕ್ಕೆ 400. ಮ್ಯಾಟು, ಒಂದು ಮೇಜು, ದೀಪ, ಬೀಗ ಸೇರಿ 80. ನೋಡಿಕೊಳ್ಳುವವರಿಗೆ ತಿಂಗಳಿಗೆ 40ರಂತೆ ವರ್ಷಕ್ಕೆ 480. ಇಲ್ಲಿಗೆ ನಿಲ್ಲಿಸಿಬಿಡುವವರೇ ಹೆಚ್ಚು. ಮರೆತುಹೋಗುವುದು ಪುಸ್ತಕ ಸಜ್ಜುಗೊಳಿಸುವ ಖರ್ಚು. ಪ್ರತಿ ಪುಸ್ತಕಕ್ಕೂ ದಾಖಲೆ ಸಂಖ್ಯೆ, ಬೆನ್ನಿನ ಚೀಟಿ, ಮುದ್ರೆ, ಪ್ಲಾಸ್ಟಿಕ್ ಹೊದಿಕೆ ಬೇಕು. ದಾನದ ಪುಸ್ತಕ ಪುಕ್ಕಟೆ ಬಂದಿದ್ದರೂ ಈ ಖರ್ಚಿನಿಂದ ತಪ್ಪಿಸಿಕೊಳ್ಳುವುದಿಲ್ಲ. ಒಂದಕ್ಕೆ ಪಾಲಿನ ಹತ್ತನೇ ಒಂದು ಭಾಗ ಹಿಡಿದರೂ 1,200 ಪುಸ್ತಕಕ್ಕೆ 120 ಪಾಲು. ಒಟ್ಟು 1,400. ದರ ಏರುಪೇರಾದರೆ ಇರಲಿ ಎಂದು ಶೇ. 5 ಸೇರಿಸಿದರೆ 1,470.

ಇದು ನಿಮ್ಮ ಕೈಗೆ ಬರಬೇಕಾದ ಹಣ. ಪುಟದ ಮೇಲೆ ಹಾಕುವ ಗುರಿ ಇದಕ್ಕಿಂತ ಹೆಚ್ಚಿರಲೇಬೇಕು. ಪುಟ ನಡೆಸಿಕೊಡುವ ವೇದಿಕೆಯ ಶುಲ್ಕ, ಪಾವತಿ ಶುಲ್ಕ ಎರಡೂ ಸೇರಿ ಸಾಮಾನ್ಯವಾಗಿ ಶೇ. 8ರ ಆಸುಪಾಸು ಹೋಗುತ್ತದೆ (ಕಿಕ್‌ಸ್ಟಾರ್ಟರ್ ಎಂಬ ವೇದಿಕೆ ತನ್ನ ಶುಲ್ಕವೆಂದೇ ಶೇ. 5 ಹಿಡಿದುಕೊಳ್ಳುತ್ತದೆ, ಪಾವತಿ ಶುಲ್ಕ ಬೇರೆ). ಕೊಡುತ್ತೇನೆಂದವರ ಕಾರ್ಡು ಕೊನೆಗೆ ಕೆಲಸ ಮಾಡದೆ ಹೋಗುವುದಕ್ಕೆ ಶೇ. 2 ಇರಲಿ. ಉಡುಗೊರೆಗೆ ಶೇ. 3 ಸಾಕಾಗುವಂತೆ ಮಾಡುವುದು ಹೇಗೆಂದು ಮುಂದೆ ಹೇಳುತ್ತೇನೆ. ಒಟ್ಟು ಶೇ. 13.

ಇಲ್ಲಿ ಬಹಳ ಜನ ಒಂದು ಚಿಕ್ಕ ತಪ್ಪು ಮಾಡುತ್ತಾರೆ. 1,470ಕ್ಕೆ ಶೇ. 13 ಕೂಡಿಸಿ 1,661 ಎಂದು ಗುರಿ ಹಾಕುತ್ತಾರೆ. ಆದರೆ ಶುಲ್ಕ ಕಡಿಯುವುದು ನಿಮ್ಮ ಖರ್ಚಿನ ಮೇಲಲ್ಲ, ಬಂದ ಪೂರ್ತಿ ಹಣದ ಮೇಲೆ. 1,661ರಲ್ಲಿ ಶೇ. 13 ಕಳೆದರೆ ಉಳಿಯುವುದು 1,445, ಎಂದರೆ 25 ಪುಸ್ತಕ ಖೋತಾ. ಸರಿಯಾದ ದಾರಿ ಭಾಗಿಸುವುದು: 1,470 ÷ 0.87, ಸುಮಾರು 1,690 ಪಾಲು.

ದೊಡ್ಡ ಗುರಿಯೋ, ಚಿಕ್ಕ ಗುರಿಯೋ

‘ದೊಡ್ಡದಿಡೋಣ, ಅರ್ಧವಾದರೂ ಬರುತ್ತದೆ’ ಎಂಬ ಮಾತು ಹಣ ಬರುವ ರೀತಿಗೆ ಹೊಂದುವುದಿಲ್ಲ. ಕಿಕ್‌ಸ್ಟಾರ್ಟರ್‌ನ ಸಾವಿರಾರು ಯೋಜನೆಗಳನ್ನು ಪರಿಶೀಲಿಸಿ 2014ರಲ್ಲಿ ಪ್ರಬಂಧ ಪ್ರಕಟಿಸಿದ ಸಂಶೋಧಕ ಈಥನ್ ಮಾಲಿಕ್ ಕಂಡದ್ದು ಇದನ್ನೇ: ಗೆದ್ದ ಯೋಜನೆಗಳು ಗುರಿಯನ್ನು ಸ್ವಲ್ಪದರಲ್ಲೇ ದಾಟಿರುತ್ತವೆ, ಸೋತವು ಗುರಿಯಿಂದ ಬಹಳ ದೂರದಲ್ಲೇ ನಿಂತಿರುತ್ತವೆ. ಮಧ್ಯದಲ್ಲಿ ನಿಲ್ಲುವವು ಕಡಿಮೆ. ಕಾರಣ ಊಹಿಸುವುದು ಕಷ್ಟವಲ್ಲ. ಅಪರಿಚಿತರು ಪುಟ ತೆರೆದಾಗ ಮೊದಲು ನೋಡುವುದು ಗುರಿಯ ಎಷ್ಟು ಭಾಗ ತುಂಬಿದೆ ಎಂದು ತೋರಿಸುವ ಹಣದ ಪಟ್ಟಿಯನ್ನು. ಹತ್ತು ದಿನವಾದರೂ ಅದು ಶೇ. 8ರಲ್ಲೇ ಇದ್ದರೆ ‘ಇದು ಆಗುವಂತಿಲ್ಲ’ ಎಂದು ಮುಂದೆ ಹೋಗುತ್ತಾರೆ.

ಅರ್ಧ ಬಂದೇಬಿಟ್ಟಿತು ಎನ್ನಿ. ಗುರಿ ಮುಟ್ಟದಿದ್ದರೂ ಬಂದಷ್ಟನ್ನು ಇಟ್ಟುಕೊಳ್ಳಲು ಬಿಡುವ ವೇದಿಕೆಗಳಿವೆ. ಕೇಳಲು ಹಿತವಾಗಿದೆ. ಆದರೆ ಕೈಗೆ ಬಂದ ಹಣಕ್ಕೆ ಕಪಾಟು ಮಾಡಿಸಿ, ಪುಸ್ತಕಕ್ಕೆ ಹೊದಿಕೆ ಹಾಕಿಸಿ, ಬಾಗಿಲು ತೆಗೆಯಲು ಜನವಿಲ್ಲದೆ ಕೋಣೆ ಬೀಗ ಹಾಕಿಕೊಂಡು ಕೂತರೆ? ಹಣ ಕೊಟ್ಟವರಿಗೆ ನೀವು ಹೇಳಿದ್ದು ಗ್ರಂಥಾಲಯ. ಅವರಿಗೆ ಕೊಡಬೇಕಾದ ಉಡುಗೊರೆ, ಉತ್ತರ ಎರಡೂ ನಿಮ್ಮ ತಲೆಯ ಮೇಲೆ ಹಾಗೇ ಉಳಿಯುತ್ತವೆ. ಇದಕ್ಕೆ ಎದುರಾಗಿ, ಕಿಕ್‌ಸ್ಟಾರ್ಟರ್‌ನಂಥ ಕಡೆ ಗುರಿ ಮುಟ್ಟದಿದ್ದರೆ ಯಾರ ಹಣವೂ ಕಡಿತವಾಗುವುದಿಲ್ಲ. ನಿಮಗೆ ಏನೂ ಸಿಗುವುದಿಲ್ಲ, ಯಾರಿಗೂ ನೀವು ಬಾಕಿಯೂ ಇರುವುದಿಲ್ಲ. ಮತ್ತೊಮ್ಮೆ ಚಿಕ್ಕದಾಗಿ ಕೇಳಲು ಮುಖ ಉಳಿದಿರುತ್ತದೆ. (ಅಲ್ಲಿ ದಾನಸಂಗ್ರಹಕ್ಕೆಂದೇ ಪುಟ ತೆರೆಯಲು ಬಿಡುವುದಿಲ್ಲ ಎಂಬುದೂ ಗೊತ್ತಿರಲಿ. ಯಾವ ವೇದಿಕೆ ಆದರೂ ಸರಿ, ಸಂಬಳದಂಥ ಖರ್ಚಿಗೆ ಅನುಮತಿ ಇದೆಯೇ ಎಂದು ನಿಯಮ ಓದಿಯೇ ಮುಂದುವರಿಯಿರಿ.)

ನನ್ನ ಸಲಹೆ: ಗುರಿಯನ್ನು ಎರಡು ಮೆಟ್ಟಿಲು ಮಾಡಿ. ಮೊದಲನೆಯದು ಬಾಗಿಲು ತೆರೆಯಲು ಸಾಕಾಗುವಷ್ಟು ಮಾತ್ರ. ಕಪಾಟು ಪೂರ್ತಿ 320, ಸಜ್ಜುಗೊಳಿಸಲು 120, ಮೇಜು ದೀಪಗಳಿಗೆ 80 ಇವನ್ನು ಕತ್ತರಿಸಬೇಡಿ. ಹೊಸ ಪುಸ್ತಕ 400ರ ಬದಲು 200, ಸಂಬಳ ವರ್ಷದ ಬದಲು ಆರು ತಿಂಗಳಿಗೆ 240. ಒಟ್ಟು 960, ಶೇ. 5 ಸೇರಿಸಿ 1,008, ಅದನ್ನು 0.87ರಿಂದ ಭಾಗಿಸಿದರೆ ಸುಮಾರು 1,160 ಪಾಲು. ಪುಟದ ಮೇಲೆ ಕಾಣಬೇಕಾದ ಗುರಿ ಇದು. ಅದು ಮುಟ್ಟಿದ ಮೇಲೆ ‘1,690 ಆದರೆ ಇನ್ನೂ 200 ಪುಸ್ತಕ, ಇನ್ನೂ ಆರು ತಿಂಗಳು’ ಎಂದು ಎರಡನೇ ಮೆಟ್ಟಿಲನ್ನು ತೋರಿಸಿ. ಪುಸ್ತಕವನ್ನು ಮುಂದೆ ಹತ್ತತ್ತಾಗಿ ಕೊಂಡು ಸೇರಿಸಬಹುದು. ಕಪಾಟು ಅರ್ಧ ಮಾಡಿಸಿ ಉಳಿದದ್ದನ್ನು ಮುಂದೂಡಿದರೆ ಪೆಟ್ಟಿಗೆಗಳು ಕೋಣೆಯಲ್ಲೇ ಉಳಿಯುತ್ತವೆ, ಓದುವವರಿಗೆ ಕೂರಲು ಜಾಗವಿರುವುದಿಲ್ಲ. ಅದಕ್ಕೇ ಕತ್ತರಿ ಪುಸ್ತಕದ ಮೇಲೆ.

ಸಂಬಳದ ಬಗ್ಗೆ ಒಂದು ಮಾತು. ಅದು ತಿಂಗಳು ತಿಂಗಳೂ ಬರುವ ಖರ್ಚು, ಕ್ರೌಡ್‌ಫಂಡಿಂಗ್ ಒಮ್ಮೆ ಸುರಿದು ನಿಲ್ಲುವ ಮಳೆ. ಮೊದಲ ಆರು ತಿಂಗಳನ್ನು ಈ ಹಣ ಹೊರಲಿ, ಆ ಆರು ತಿಂಗಳಲ್ಲಿ ತಿಂಗಳ ಚಂದಾ ಕೊಡುವವರನ್ನು ಹುಡುಕುವುದೇ ನಿಮ್ಮ ಕೆಲಸ. ‘ಆಮೇಲೆ ಹೇಗೆ ನಡೆಸುತ್ತೀರಿ?’ ಎಂದು ಕೇಳದೆ ಬಿಡುವ ದಾನಿ ಅಪರೂಪ. ಅದಕ್ಕೆ ಪುಟದಲ್ಲೇ ಉತ್ತರ ಇರಬೇಕು.

ಅಂಕಿ ಸಿಕ್ಕಿತು. ಅದು ನಿಮ್ಮ ಶಕ್ತಿಗೆ ಎಟುಕುವುದೇ ಎಂದು ನೋಡಬೇಕಲ್ಲ? ಪುಟ ತೆರೆಯುವ ಮೊದಲೇ ಗುರಿಯ ಮೂರನೇ ಒಂದು ಭಾಗಕ್ಕೆ ಮಾತಾಗಿರಬೇಕು ಎಂಬುದು ಈ ಕೆಲಸದಲ್ಲಿ ನಾನು ಬಿಡದೆ ಹಿಡಿಯುವ ಲೆಕ್ಕ. ನಿಮಗೆ ಅದು ಸುಮಾರು 390 ಪಾಲು. ‘ಕೊಡಬಹುದು’ ಎಂಬ ಊಹೆಯ ಹೆಸರು ಬೇಡ. ಐವರೂ ಖುದ್ದಾಗಿ ಮಾತಾಡಿ, ಎದುರಿನವರು ಮೊತ್ತ ಹೇಳಿ, ಮೊದಲ ಮೂರು ದಿನದೊಳಗೆ ಕೊಡುತ್ತೇನೆ ಎಂದ ಹೆಸರು ಮಾತ್ರ ಪಟ್ಟಿಗೆ ಬರಲಿ. ಆ ಪಟ್ಟಿ 390 ಮುಟ್ಟದಿದ್ದರೆ ಪುಟ ತೆರೆಯುವ ದಿನ ಮುಂದೂಡಿ, ಇಲ್ಲವೇ ಹೊಸ ಪುಸ್ತಕವನ್ನು 100ಕ್ಕೆ ಇಳಿಸಿ ಗುರಿಯನ್ನೇ ತಗ್ಗಿಸಿ. ಅವಧಿ 30 ದಿನ ಸಾಕು. ಕಿಕ್‌ಸ್ಟಾರ್ಟರ್ 60 ದಿನದವರೆಗೂ ಬಿಡುತ್ತದೆ, ಆದರೆ ಅವಧಿ ಉದ್ದವಾದಷ್ಟೂ ‘ಇನ್ನೂ ಸಮಯವಿದೆ’ ಎಂದು ಮುಂದೂಡುವವರೇ ಹೆಚ್ಚು.

ಉಡುಗೊರೆ ಕಪಾಟಿನೊಳಗಿಂದಲೇ ಬರಲಿ

ಒಳ್ಳೆಯ ಉಡುಗೊರೆ ಇದ್ದರೆ ಜನ ಹಣ ಕೊಡುತ್ತಾರೆ ಎಂಬ ನಂಬಿಕೆ ಹೊಸ ವಸ್ತು ತಯಾರಿಸಿ ಮಾರುವ ಯೋಜನೆಗಳಿಂದ ಬಂದದ್ದು. ಅಲ್ಲಿ ಜನ ಕೊಡುವುದು ಆ ವಸ್ತುವಿಗಾಗಿಯೇ. ಗ್ರಂಥಾಲಯಕ್ಕೆ ಕೊಡುವವರಿಗೆ ಮಗ್ ಬೇಕಾಗಿರುವುದಿಲ್ಲ. ತಮ್ಮ ಹಣ ಎಲ್ಲಿಗೆ ಸೇರಿತು ಎಂಬುದು ಕಣ್ಣಿಗೆ ಕಾಣಬೇಕಾಗಿರುತ್ತದೆ.

ನಿಮ್ಮ ಟೀ ಶರ್ಟನ್ನೇ ತೂಗಿ ನೋಡಿ. ಹತ್ತು ಪಾಲು ಕೊಟ್ಟವರಿಗೆ ಒಂದು ಟೀ ಶರ್ಟ್ ಎನ್ನೋಣ. ಶುಲ್ಕ ಮತ್ತು ಸೋರಿಕೆಗೆ ಒಂದು ಪಾಲು ಹೋಗಿ ಒಂಬತ್ತು ಉಳಿಯುತ್ತದೆ. ಅಚ್ಚು ಹಾಕಿಸಿದ ಒಳ್ಳೆಯ ಬಟ್ಟೆಗೆ ಐದು ಪಾಲು, ಕಟ್ಟಿ ಕಳಿಸಲು ಒಂದೂವರೆ. ಯಾವ ಅಳತೆ ಎಷ್ಟು ಬೇಕಾಗುತ್ತದೆಂದು ಮೊದಲೇ ತಿಳಿಯದೆ ಹೆಚ್ಚುವರಿ ಅಚ್ಚು ಹಾಕಿಸುವುದರಿಂದ ತಲೆಗೆ ಅರ್ಧ ಪಾಲು ಕೂತ ಹಣ. ಕೊನೆಗೆ ಗ್ರಂಥಾಲಯಕ್ಕೆ ಸೇರಿದ್ದು ಎರಡು ಪುಸ್ತಕ. ಹತ್ತು ಪುಸ್ತಕದ ಹಣ ಕೊಟ್ಟವರಿಗೆ ಇದು ಗೊತ್ತಾದರೆ ಅವರೇ ‘ಬಟ್ಟೆ ಬೇಡ, ಪುಸ್ತಕ ತನ್ನಿ’ ಎನ್ನುತ್ತಾರೆ. ಹಣದ ಜೊತೆಗೆ ಕಾಲವೂ ಹೋಗುತ್ತದೆ. ಮಾಲಿಕ್ ಅದೇ ಪ್ರಬಂಧದಲ್ಲಿ ವಿನ್ಯಾಸ ಮತ್ತು ತಂತ್ರಜ್ಞಾನದ ಯೋಜನೆಗಳನ್ನು ನೋಡಿದಾಗ ನಾಲ್ಕರಲ್ಲಿ ಮೂರಕ್ಕೂ ಹೆಚ್ಚು ಯೋಜನೆಗಳು ಹೇಳಿದ ದಿನಕ್ಕೆ ವಸ್ತು ತಲುಪಿಸಿರಲಿಲ್ಲ. ಐದು ಜನ ಎಂಟು ಬಗೆಯ ವಸ್ತು ಕಟ್ಟುತ್ತಾ ಕೂತರೆ ಗ್ರಂಥಾಲಯದ ಕೆಲಸ ಮಾಡುವವರು ಯಾರು?

ನಾಲ್ಕು ಹಂತ ಸಾಕು. ಎಲ್ಲವೂ ಆ ಕೋಣೆಯಲ್ಲೇ ಉಳಿಯುವಂಥವು, ಅಂಚೆಗೆ ಹೋಗಬೇಕಾದದ್ದು ಒಂದೂ ಇಲ್ಲ.

ಮೊದಲನೆಯದು ಒಂದು ಪಾಲು: ಬಾಗಿಲ ಬಳಿಯ ದಾಖಲೆ ಪುಸ್ತಕದಲ್ಲಿ ಹೆಸರು. ಚಿಕ್ಕ ಮೊತ್ತದ ಮೇಲೆ ಪಾವತಿ ಶುಲ್ಕ ತುಸು ಹೆಚ್ಚೇ ಕಚ್ಚುತ್ತದೆ, ಎಷ್ಟೋ ಕಡೆ ಶೇಕಡಾವಾರಿನ ಜೊತೆಗೆ ಪ್ರತಿ ಪಾವತಿಗೂ ಒಂದು ನಿಗದಿತ ಶುಲ್ಕ ಇರುತ್ತದೆ. ಆದರೂ ಈ ಹಂತ ತೆಗೆಯಬೇಡಿ. 1885ರಲ್ಲಿ ನ್ಯೂಯಾರ್ಕಿನ ಸ್ವಾತಂತ್ರ್ಯ ಪ್ರತಿಮೆಗೆ ಪೀಠ ಕಟ್ಟಲು ಹಣ ಸಾಲದೆ ಹೋದಾಗ ಜೋಸೆಫ್ ಪುಲಿಟ್ಜರ್ ತನ್ನ ‘ವರ್ಲ್ಡ್’ ಪತ್ರಿಕೆಯಲ್ಲಿ, ಎಷ್ಟೇ ಚಿಕ್ಕ ಮೊತ್ತ ಕೊಟ್ಟರೂ ಹೆಸರು ಅಚ್ಚು ಮಾಡುತ್ತೇನೆ ಎಂದು ಕರೆ ಕೊಟ್ಟ. ಕೆಲವೇ ತಿಂಗಳಲ್ಲಿ ಲಕ್ಷಕ್ಕೂ ಹೆಚ್ಚು ಜನರಿಂದ ಲಕ್ಷ ಡಾಲರಿಗೂ ಮೀರಿ ಬಂತು, ಅದರಲ್ಲಿ ಬಹುಪಾಲು ಜನ ಕೊಟ್ಟದ್ದು ಒಂದು ಡಾಲರಿಗಿಂತ ಕಡಿಮೆ. ಗ್ರಂಥಾಲಯಕ್ಕೆ ಇನ್ನೊಂದು ಲಾಭವೂ ಇದೆ. ಒಂದು ಪಾಲು ಕೊಟ್ಟ ಅಕ್ಕಪಕ್ಕದವರೇ ನಾಳೆ ಒಳಗೆ ಬರುವ ಓದುಗರು.

ಎರಡನೆಯದು ಐದು ಪಾಲು: ಒಂದು ಪುಸ್ತಕದ ಒಳಹೊದಿಕೆಯಲ್ಲಿ ಕೊಟ್ಟವರ ಹೆಸರಿನ ಚೀಟಿ, ಮತ್ತು ಆ ಪುಟದ ಒಂದು ಫೋಟೋ ಅವರ ಫೋನಿಗೆ. ನಿಮ್ಮ ಪುಟದ ಬೆನ್ನೆಲುಬು ಈ ಹಂತ, ಆದ್ದರಿಂದ ಚೀಟಿಯ ಬಗ್ಗೆ ಸ್ವಲ್ಪ ವಿವರವಾಗಿ ಹೇಳುತ್ತೇನೆ. ಏಳು ಸೆಂಟಿಮೀಟರ್ ಅಗಲ, ಹತ್ತು ಸೆಂಟಿಮೀಟರ್ ಉದ್ದ ಸಾಕು. ಆಮ್ಲರಹಿತ ಕಾಗದ ಸಿಕ್ಕಿದರೆ ಅದನ್ನೇ ಬಳಸಿ, ಇಲ್ಲವಾದರೆ ಹಳದಿ ಬಣ್ಣಕ್ಕೆ ತಿರುಗಿ ಎದುರಿನ ಪುಟಕ್ಕೂ ಕಲೆ ಹತ್ತಿಸುತ್ತದೆ. ರಬ್ಬರ್ ಅಂಟು ಬೇಡ, ಅದು ಕೆಲವು ವರ್ಷದಲ್ಲಿ ಒಣಗಿ ಚೀಟಿ ಉದುರಿ ಕಂದು ಕಲೆ ಮಾತ್ರ ಉಳಿಯುತ್ತದೆ. ತೆಳ್ಳಗೆ ಕಾಯಿಸಿದ ಗಂಜಿ ಅಂಟು ಒಳ್ಳೆಯದು, ಆದರೆ ಅಂಟಿಸಿದ ಮೇಲೆ ಒಂದು ಹಾಳೆ ಮಡಚಿಟ್ಟು, ಮೇಲೆ ಭಾರ ಹೇರಿ ಒಂದು ರಾತ್ರಿ ಬಿಡಿ. ಹಾಗೇ ಮುಚ್ಚಿದರೆ ಪುಟಗಳು ಒಂದಕ್ಕೊಂದು ಅಂಟಿಕೊಳ್ಳುತ್ತವೆ. ಹೊದಿಕೆಯ ಒಳಗಿನ ಚಿತ್ರವನ್ನಾಗಲಿ, ಅಲ್ಲಿರುವ ಬರಹವನ್ನಾಗಲಿ ಚೀಟಿ ಮುಚ್ಚದಿರಲಿ.

‘ನಿಮ್ಮ ಹೆಸರು ಶಾಶ್ವತವಾಗಿ ಉಳಿಯುತ್ತದೆ’ ಎಂದು ಮಾತ್ರ ಬರೆಯಬೇಡಿ. ಮಕ್ಕಳು ಇಷ್ಟಪಟ್ಟ ಪುಸ್ತಕ ಕೆಲವೇ ವರ್ಷದಲ್ಲಿ ಹರಿದುಹೋಗುತ್ತದೆ, ಹರಿಯಬೇಕು ಕೂಡ. ‘ಈ ಪುಸ್ತಕ ಓದುಗರ ಕೈಯಲ್ಲಿರುವವರೆಗೆ’ ಎಂದು ಬರೆದರೆ ಮಾತು ನಿಜವಾಗಿರುತ್ತದೆ, ಹಳೆಯದನ್ನು ತೆಗೆಯುವ ದಿನ ನಿಮ್ಮ ಕೈ ಕಟ್ಟಿಹಾಕಿದಂತಾಗುವುದಿಲ್ಲ. ಯಾವ ಪುಸ್ತಕಕ್ಕೆ ಯಾರ ಹೆಸರು ಎಂಬುದನ್ನೂ ನೀವೇ ನಿರ್ಧರಿಸಿ. ಪುಸ್ತಕದ ಆಯ್ಕೆಯನ್ನು ದಾನಿಗಳ ಕೈಗೆ ಬಿಟ್ಟರೆ ಒಬ್ಬರು ತಮ್ಮ ಪಂಥದ ಗ್ರಂಥ, ಇನ್ನೊಬ್ಬರು ತಾವೇ ಬರೆದ ಪುಸ್ತಕ ತರುತ್ತಾರೆ. ಒಮ್ಮೆ ಒಪ್ಪಿಕೊಂಡ ಮೇಲೆ ಬೇಡವೆನ್ನುವುದು ಬಹಳ ಕಷ್ಟ.

ಮೂರನೆಯದು ಇಪ್ಪತ್ತು ಪಾಲು: ಕಪಾಟಿನ ಒಂದು ಸಾಲಿನ ಅಂಚಿನಲ್ಲಿ ಹೆಸರು. ಮೊದಲು ಎಣಿಸಿದ ಸಾಲುಗಳು ಇಲ್ಲಿ ಕೆಲಸಕ್ಕೆ ಬರುತ್ತವೆ. ಪುಸ್ತಕಗಳಿಗೆ ಬೇಕಾದ ಸಾಲು 42, ಆದ್ದರಿಂದ ಈ ಹಂತ 42 ಜನರಿಗೆ ಮಾತ್ರ. ವೇದಿಕೆಯಲ್ಲಿ ಮಿತಿ ನಮೂದಿಸುವ ಜಾಗವಿರುತ್ತದೆ, ಅಲ್ಲಿ 42 ಎಂದು ಹಾಕಿ. ಇದು ಸುಳ್ಳು ಅವಸರ ಹುಟ್ಟಿಸುವ ಮಿತಿಯಲ್ಲ, ಪುಸ್ತಕ ತುಂಬುವ ಸಾಲು ಇರುವುದೇ ಅಷ್ಟು. ಸಣ್ಣ ಪಟ್ಟಿಯ ಮೇಲೆ ಹೆಸರು ಮಾತ್ರ ಇರಲಿ, ಅಂಗಡಿಯ ಜಾಹೀರಾತು ಬೇಡ.

ನಾಲ್ಕನೆಯದು ನಲವತ್ತು ಪಾಲು: ಒಂದು ತಿಂಗಳು ಬಾಗಿಲು ತೆರೆದಿಡುವುದು. ನೋಡಿಕೊಳ್ಳುವವರ ಒಂದು ತಿಂಗಳ ಸಂಬಳ ಅಷ್ಟೇ ತಾನೇ? ‘ಈ ತಿಂಗಳು ಬಾಗಿಲು ತೆರೆದಿರುವುದು ಇವರ ನೆರವಿನಿಂದ’ ಎಂಬ ಸಣ್ಣ ಫಲಕ ಆ ತಿಂಗಳು ಬಾಗಿಲಲ್ಲಿ ತೂಗುತ್ತದೆ. ಮೊದಲ ಮೆಟ್ಟಿಲಿನಲ್ಲಿ ಇಂಥವು ಆರೇ ಆರು. ಸಂಬಳಕ್ಕೆ ಹಣ ಕೇಳಲು ಸಂಕೋಚಪಟ್ಟು ಅದನ್ನು ‘ಇತರೆ ಖರ್ಚು’ ಎಂದು ಬಚ್ಚಿಡುವವರಿದ್ದಾರೆ. ಹೀಗೆ ತೆರೆದಿಟ್ಟರೆ ಸಂಬಳವೇ ಅತಿ ದೊಡ್ಡ ಹಂತದ ಉಡುಗೊರೆಯಾಗುತ್ತದೆ.

ಇವು ಸೇರಿ ಗುರಿ ಮುಟ್ಟುವುದೇ ಎಂದು ನೋಡಿ: ಒಂದು ಪಾಲಿನವರು 60 ಜನ, ಐದರವರು 100, ಇಪ್ಪತ್ತರವರು 18, ನಲವತ್ತರವರು ಆರು. 60, 500, 360, 240 ಸೇರಿ ಸರಿಯಾಗಿ 1,160. ಬೇಕಾದದ್ದು 184 ಜನ. ಉಡುಗೊರೆಯ ಖರ್ಚು ಚೀಟಿಗೆ ಹತ್ತು, ಸಾಲಿನ ಪಟ್ಟಿಗೆ 18, ಫಲಕಕ್ಕೆ ಆರು ಪಾಲಿನಂತೆ 34. ನಾವು ಇಟ್ಟ ಶೇ. 3ರೊಳಗೇ ಇದೆ. ಮೊದಲೇ ಮಾತಾಗಿರಬೇಕೆಂದ 390 ಪಾಲೂ ಈಗ ಅಷ್ಟು ದೂರ ಕಾಣುವುದಿಲ್ಲ: ನಾಲ್ಕು ತಿಂಗಳು, ಎಂಟು ಸಾಲು, 14 ಚೀಟಿ ಎಂದರೆ 26 ಜನ. ಐವರಿಗೆ ತಲಾ ಐದಾರು ಹೆಸರು. ಅಪರಿಚಿತರು ಪುಟ ನೋಡುವ ಹೊತ್ತಿಗೆ ಹಣದ ಪಟ್ಟಿ ಮೂರನೇ ಒಂದು ಭಾಗ ತುಂಬಿರುತ್ತದೆ.

ಒಂದು ಉಡುಗೊರೆಯನ್ನು ಎಷ್ಟು ಹಣ ಬಂದರೂ ಕೊಡಬೇಡಿ: ಹೆಚ್ಚು ಕೊಟ್ಟವರಿಗೆ ಹೆಚ್ಚು ಪುಸ್ತಕ, ಹೊಸ ಪುಸ್ತಕ ಮೊದಲು ಅವರಿಗೆ ಎಂಬಂಥ ಸವಲತ್ತು. ಒಳಗೆ ಕಾಲಿಟ್ಟ ಮಗುವಿಗೆ ‘ಇದು ದಾನಿಗಳಿಗೆ ಕಾದಿಟ್ಟದ್ದು’ ಎಂದು ಹೇಳಬೇಕಾದ ದಿನ ಅದು ಸಮುದಾಯದ ಗ್ರಂಥಾಲಯವಾಗಿ ಉಳಿಯುವುದಿಲ್ಲ.

ಕಥೆ

‘ಓದುವ ಹವ್ಯಾಸ ಕಡಿಮೆಯಾಗುತ್ತಿದೆ’ ಎಂಬ ಸಾಲು ಯಾಕೆ ತಟ್ಟುವುದಿಲ್ಲ ಎಂದರೆ, ಅದು ಯಾವ ಗ್ರಂಥಾಲಯದ ಪುಟಕ್ಕಾದರೂ ಹೊಂದುತ್ತದೆ, ನಿಮ್ಮ 1,160 ಪಾಲಿನಿಂದ ಅದು ಸರಿಹೋಗುವುದೂ ಇಲ್ಲ. ಹಣ ಕೊಡುವವರಿಗೆ ಬೇಕಾದದ್ದು ಅವರ ಕೈಯಿಂದ ತುಂಬಬಹುದಾದ ಒಂದು ಖಾಲಿ ಜಾಗ. ನಿಮ್ಮ ಬಳಿ ಅದು ಅಕ್ಷರಶಃ ಇದೆ. ಲೆಕ್ಕದಿಂದಲೇ ಎತ್ತಿಕೊಂಡು ಹೀಗೆ ಶುರುಮಾಡಬಹುದು:

‘ಕೋಣೆ ಸಿಕ್ಕಿದೆ, ಮೂರು ವರ್ಷಕ್ಕೆ ಬಾಡಿಗೆಯಿಲ್ಲ. ನೀವು ಕೊಟ್ಟ ಪುಸ್ತಕಗಳಲ್ಲಿ 800 ಆರಿಸಿ ಪಟ್ಟಿ ಮಾಡಿದ್ದೇವೆ. ಅವು ಇನ್ನೂ ಪೆಟ್ಟಿಗೆಯಲ್ಲೇ ಇವೆ, ನಿಲ್ಲಿಸಲು ಕಪಾಟಿಲ್ಲ. ಮಕ್ಕಳಿಗೆ ಕೊಡಬಹುದಾದ ಪುಸ್ತಕ ಅವುಗಳಲ್ಲಿ ತೀರಾ ಕಡಿಮೆ. ಹತ್ತು ಕಪಾಟು, ಮಕ್ಕಳಿಗೆ 200 ಪುಸ್ತಕ, ದಿನಕ್ಕೆ ಮೂರು ಗಂಟೆ ಬಾಗಿಲು ತೆರೆಯುವ ಒಬ್ಬರಿಗೆ ಆರು ತಿಂಗಳ ಸಂಬಳ, ಇಷ್ಟಾದರೆ ಬಾಗಿಲು ತೆರೆಯುತ್ತದೆ.’

ಇದರಲ್ಲಿ ವಿಶೇಷಣಗಳೇ ಇಲ್ಲ, ನೋಡಿ. ಆಗಿರುವ ಕೆಲಸ ಮೊದಲು ಬಂತು, ಕೊರತೆ ಆಮೇಲೆ. ಕೈಕಟ್ಟಿ ಕೂತವರು ಕೇಳುತ್ತಿಲ್ಲ ಎಂಬ ಭರವಸೆ ಅದರಿಂದಲೇ ಬರುತ್ತದೆ. ಇದರ ಪಕ್ಕಕ್ಕೆ ಒಂದು ಫೋಟೋ: ಖಾಲಿ ಕೋಣೆಯ ನೆಲದ ಮೇಲೆ ಕಪಾಟು ನಿಲ್ಲುವ ಜಾಗವನ್ನು ಅಂಟುಪಟ್ಟಿಯಿಂದ ಗುರುತು ಮಾಡಿ, ಗೋಡೆಗೆ ಒರಗಿಸಿದ ಪೆಟ್ಟಿಗೆಗಳೊಂದಿಗೆ ತೆಗೆಯಿರಿ. ನಗುವ ಮಕ್ಕಳ ಮುಖವನ್ನು ಬೇರೆಲ್ಲಿಂದಲೋ ತಂದು ಹಾಕಬೇಡಿ. ನಿಮ್ಮದೇ ಸುತ್ತಿನ ಮಕ್ಕಳ ಫೋಟೋ ಆದರೆ ಮನೆಯವರ ಲಿಖಿತ ಒಪ್ಪಿಗೆ ಬೇಕು. ‘ಪುಸ್ತಕ ಕಾಣದ ಬಡ ಮಕ್ಕಳು’ ಎಂಬ ಧಾಟಿಯೂ ಬೇಡ. ಆ ಮಕ್ಕಳೇ ನಾಳೆ ಆ ಪುಟ ಓದುವವರು.

ಆರಂಭದ ನಂತರ ಖರ್ಚಿನ ಪಟ್ಟಿಯನ್ನು ಐದಾರು ಸಾಲಿನಲ್ಲಿ ಪೂರ್ತಿ ಬಿಚ್ಚಿಡಿ, ಶುಲ್ಕ ಎಷ್ಟು ಹೋಗುತ್ತದೆ ಎಂಬುದನ್ನೂ ಸೇರಿಸಿ. ಅದರ ಕೆಳಗೆ ಸಂಶಯಗಳಿಗೆ ಉತ್ತರ. ಹಣ ಯಾರ ಖಾತೆಗೆ ಬರುತ್ತದೆ? ಇದು ಐವರಲ್ಲೊಬ್ಬರ ಸ್ವಂತ ಖಾತೆ ಆಗಬಾರದು, ನೋಂದಾಯಿತ ಸಂಘದ ಹೆಸರಿನಲ್ಲಿದ್ದು ಇಬ್ಬರ ಸಹಿ ಬೇಕಾಗುವಂತಿರಲಿ. ಬಂದ ಹಣಕ್ಕೆ ತೆರಿಗೆಯ ನಿಯಮ ಏನೆಂದು ಲೆಕ್ಕಪರಿಶೋಧಕರನ್ನು ಮೊದಲೇ ಕೇಳಿಕೊಳ್ಳಿ. ಕೋಣೆ ಮೂರು ವರ್ಷಕ್ಕೆ ಎಂಬುದು ಬಾಯಿಮಾತೋ, ಕಾಗದದಲ್ಲಿದೆಯೋ? ಬಾಯಿಮಾತಾದರೆ ಪುಟ ತೆರೆಯುವ ಮೊದಲು ಬರೆಸಿಕೊಳ್ಳಿ. ಕಪಾಟು ಕೂತ ಮೇಲೆ ಕೋಣೆ ಕೈತಪ್ಪಿದರೆ ಜನರ ಹಣ ಬೀದಿಗೆ ಬಿದ್ದಂತೆ. ಅದಕ್ಕೇ ಕಪಾಟನ್ನು ಗೋಡೆಗೆ ಕಟ್ಟಿಸದೆ, ಬಿಚ್ಚಿ ಸಾಗಿಸಬಹುದಾದದ್ದನ್ನೇ ಮಾಡಿಸಿ. ಆದರೆ ಎತ್ತರದವು ಮಗುವಿನ ಮೇಲೆ ಉರುಳದಂತೆ ಗೋಡೆಗೆ ಬಿಗಿಹಿಡಿಗಳಿಂದ ಭದ್ರ ಮಾಡಲೇಬೇಕು. ಮುಂದೊಂದು ದಿನ ಗ್ರಂಥಾಲಯ ಮುಚ್ಚಬೇಕಾಗಿ ಬಂದರೆ ಪುಸ್ತಕ, ಕಪಾಟು ಯಾವ ಶಾಲೆಗೆ ಅಥವಾ ಗ್ರಂಥಾಲಯಕ್ಕೆ ಹೋಗುತ್ತವೆ ಎಂಬುದನ್ನೂ ಒಂದು ಸಾಲಿನಲ್ಲಿ ಬರೆಯಿರಿ.

ಉಳಿದದ್ದು ತೆರೆಯುವ ದಿನಾಂಕ. ಇದನ್ನು ಆಸೆಯಿಂದ ಬರೆಯದೆ ಎಣಿಸಿ ಬರೆಯಿರಿ. ಗುರಿ ಮುಟ್ಟಿದ ಮರುದಿನವೇ ಹಣ ಕೈಗೆ ಬರುವುದಿಲ್ಲ, ಕಿಕ್‌ಸ್ಟಾರ್ಟರ್‌ನಲ್ಲಿ ಸುಮಾರು ಎರಡು ವಾರ ಹಿಡಿಯುತ್ತದೆ. ಕಪಾಟಿನ ಕೆಲಸ ಶುರುವಾಗುವುದು ಆಮೇಲೆ. ಒಂದು ಪುಸ್ತಕಕ್ಕೆ ಹೊದಿಕೆ, ಚೀಟಿ, ಮುದ್ರೆ, ದಾಖಲೆ ಎಲ್ಲ ಸೇರಿ ಹತ್ತು ನಿಮಿಷ ಹಿಡಿದರೆ ಸಾವಿರ ಪುಸ್ತಕಕ್ಕೆ 166 ಗಂಟೆಗೂ ಮೀರುತ್ತದೆ. ಐವರೂ ವಾರಕ್ಕೆ ಮೂರು ಗಂಟೆ ಕೊಟ್ಟರೆ ವಾರಕ್ಕೆ 15 ಗಂಟೆ, ಕೆಲಸ ಮುಗಿಯಲು 11 ವಾರ ದಾಟುತ್ತದೆ. ಕಪಾಟು ಆಗುತ್ತಿರುವಾಗಲೇ ಇದನ್ನೂ ಮಾಡಬಹುದು. ಎಲ್ಲ ಕೂಡಿಸಿದರೆ, ಪುಟ ಮುಚ್ಚಿದ ದಿನದಿಂದ ನಾಲ್ಕು ತಿಂಗಳೊಳಗೆ ತೆರೆಯುತ್ತೇವೆ ಎಂದು ಬರೆಯಬಹುದು. ದಾನದ 800 ಪುಸ್ತಕದ ದಾಖಲೆಯನ್ನು ಈಗಲೇ ಶುರುಮಾಡಿದರೆ ಆ ದಿನ ಇನ್ನಷ್ಟು ಹತ್ತಿರ ಬರುತ್ತದೆ, ಆ ಕೆಲಸಕ್ಕೆ ಯಾರ ಹಣವೂ ಬೇಕಿಲ್ಲ. ಮೂವತ್ತು ದಿನಗಳ ನಡುವೆ, ಹತ್ತನೇ ದಿನದಿಂದ ಇಪ್ಪತ್ತೆರಡನೇ ದಿನದವರೆಗೆ ಹಣ ಬರುವುದು ನಿಂತೇಹೋದಂತೆ ಅನ್ನಿಸುವ ಹೊತ್ತಿನಲ್ಲಿ ಪುಟದಲ್ಲಿ ತೋರಿಸಲು ಇದೇ ಕೆಲಸ ಸಿಗುತ್ತದೆ: ‘ಈ ವಾರ 90 ಪುಸ್ತಕ ದಾಖಲಾದವು, ಒಟ್ಟು 430.’